ಫ್ಯಾನು ನಿಲ್ಲಿಸಿದವರು ಯಾರು?

ಇದಾಲಿನಾ ಬೋರ್ಬಾಳಿಗೆ ಅನುಮಾನವೆಂಬುದು ಹುಟ್ಟಿನಿಂದ ಬಂದ ಗುಣ. ಅಂಗಡಿಯಲ್ಲಿ ಮೊಟ್ಟೆಯ ಪೆಟ್ಟಿಗೆ ತೆರೆದು ಒಂದೊಂದನ್ನೂ ತಿರುಗಿಸಿ ನೋಡದೆ ಕೊಂಡವಳಲ್ಲ. ಚರ್ಚಿನಲ್ಲಿ ಪಾದ್ರಿ ಪ್ರವಚನ ಬೇಗ ಮುಗಿಸಿದರೆ, ಇವರಿಗೆ ಇವತ್ತು ಎಲ್ಲಿಗೋ ಊಟಕ್ಕೆ ಹೋಗಬೇಕಿದೆ ಎಂದು ಪಕ್ಕದವಳ ಕಿವಿಯಲ್ಲಿ ಹೇಳುವವಳು. ಹನ್ನೊಂದರ ಹುಡುಗಿಯಾಗಿ ಪೋರ್ಚುಗಲ್ಲಿನ ಅಸೋರ್ಸ್ ದ್ವೀಪದಿಂದ ಕ್ಯಾಲಿಫೋರ್ನಿಯಾದ ಟುಲಾರಿಗೆ ಬಂದಳು, ಇಪ್ಪತ್ತಕ್ಕೆ ಲೌದಲೀನೋ ಬೋರ್ಬಾನನ್ನು ಮದುವೆಯಾದಳು, ಐವತ್ತೆರಡಕ್ಕೆ ಅವನನ್ನು ಮಣ್ಣು ಮಾಡಿದಳು. ಅಂದಿನಿಂದ ಮುನ್ನೂರೈವತ್ತು ಕರೆಯುವ ಹಸುಗಳ ಡೇರಿಯನ್ನು ಒಬ್ಬಳೇ ನಡೆಸುತ್ತಿದ್ದಾಳೆ. ಒಬ್ಬಳೇ ಎಂದರೆ ಅವಳ ಮಾತು. ನಿಜದಲ್ಲಿ ಡೇರಿ ನಿಂತಿದ್ದು ಎಲಿಸೇಯೋ ತಾಮಾಯೋನ ಮೇಲೆ. ಮೆಕ್ಸಿಕೋದ ಮಿಚೊಆಕಾನಿನಿಂದ ಬಂದವನು, ಹತ್ತೊಂಬತ್ತು ವರ್ಷಗಳಿಂದ ಮೇವು ಹಾಕುವವನು. ಹೆಂಡತಿ ಮಕ್ಕಳೊಂದಿಗೆ ಅವನಿರುವ ಮನೆ ಕೂಡ ಡೇರಿಯದೇ.

ಹೋದ ಬೇಸಿಗೆಯ ಸೆಕೆಯಲ್ಲಿ ಏಳು ಹಸುಗಳು ಸತ್ತವು. ಅದಕ್ಕೇ ಈ ವಸಂತದಲ್ಲಿ ಇದಾಲಿನಾ ಗಟ್ಟಿ ಮನಸ್ಸು ಮಾಡಿ ಕೊಟ್ಟಿಗೆಗೆ ಹೊಸ ಏರ್ಪಾಡು ಮಾಡಿಸಿದಳು. ಮೇವಿನ ಸಾಲಿನುದ್ದಕ್ಕೂ ದೊಡ್ಡ ಫ್ಯಾನುಗಳು, ಅವುಗಳ ಕೆಳಗೆ ದಪ್ಪ ಹನಿಯ ನೀರಿನ ಕೊಳವೆ. ನೀರು ಒಂದು ನಿಮಿಷ ಸುರಿದು ಹಸುವಿನ ಬೆನ್ನನ್ನು ಚರ್ಮದವರೆಗೆ ತೋಯಿಸಬೇಕು, ಆಮೇಲೆ ನಾಲ್ಕೈದು ನಿಮಿಷ ನಿಂತು ಫ್ಯಾನಿನ ಗಾಳಿಗೆ ಒಣಗಬೇಕು. ಆ ಒಣಗುವುದರಲ್ಲೇ ತಂಪು. ಎಪ್ಪತ್ತೈದು ಡಿಗ್ರಿ ಫ್ಯಾರನ್‌ಹೀಟಿಗೆ ಫ್ಯಾನು, ಎಂಬತ್ತಕ್ಕೆ ನೀರು, ಎಲ್ಲ ತಾನಾಗಿಯೇ. ಸೆಕೆ ಅಳೆಯುವ ಹೆಬ್ಬೆರಳು ಗಾತ್ರದ ಕಡ್ಡಿಯನ್ನು ಕೆಲಸದವರು ಹಾಲಿನ ಮನೆಯ ಹತ್ತಿರದ ಕಂಬಕ್ಕೆ, ನೆರಳಿನಲ್ಲಿ ಕೂರಿಸಿ ಹೋದರು.

ಜುಲೈನಲ್ಲಿ ನೂರಾ ಎಂಟು ಡಿಗ್ರಿ ಮುಟ್ಟಿತು. ಹಾಲು ಹಸುವೊಂದಕ್ಕೆ ದಿನಕ್ಕೆ ಎಪ್ಪತ್ತೈದು ಪೌಂಡಿನಿಂದ ಅರವತ್ತಕ್ಕೆ ಇಳಿಯಿತು. ಹಸುಗಳು ಮಲಗುವುದನ್ನು ಬಿಟ್ಟು ನಿಂತೇ ಇದ್ದವು. ಕತ್ತು ಚಾಚಿ, ಬಾಯಿ ತೆರೆದು, ಜೊಲ್ಲು ಸುರಿಸುತ್ತಾ ಏದುಸಿರು ಬಿಡುತ್ತಿದ್ದವು. ಒಂದರ ಪಕ್ಕೆ ನೋಡುತ್ತಾ ಇದಾಲಿನಾ ಉಸಿರು ಎಣಿಸಿದಳು. ನಿಮಿಷಕ್ಕೆ ತೊಂಬತ್ತು! ತಲೆಯೆತ್ತಿದರೆ ಫ್ಯಾನುಗಳೆಲ್ಲ ಸುಮ್ಮನೆ ನಿಂತಿದ್ದವು.

ಅಂದಿನಿಂದ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಮಧ್ಯಾಹ್ನ ಹಾಲಿನ ಮನೆಯಿಂದ ಕೊಟ್ಟಿಗೆಗೆ ಹೊರಟರೆ ಫ್ಯಾನುಗಳು ನಿಂತಿರುತ್ತಿದ್ದವು. ಅವಳು ಹಸುಗಳ ನಡುವೆ ಸುತ್ತಾಡತೊಡಗಿದ ಹತ್ತು ನಿಮಿಷಕ್ಕೆಲ್ಲ ಭರ್ರೆಂದು ತಿರುಗುತ್ತಿದ್ದವು. ಒಂದು ದಿನವಲ್ಲ, ಮೂರು ದಿನ ಹೀಗೇ ಆಯಿತು. ನಾನು ಬರುವುದನ್ನು ನೋಡಿ ಯಾರೋ ಹಾಕುತ್ತಿದ್ದಾರೆ, ನಾನು ಅತ್ತ ಹೋದ ಮೇಲೆ ನಿಲ್ಲಿಸುತ್ತಿದ್ದಾರೆ ಎಂದುಕೊಂಡಳು. ಯಾರೋ ಎಂದರೆ ಮತ್ಯಾರು?

ಎಲಿಸೇಯೋನ ಬೇರೆ ಕೆಲಸಗಳೂ ಅವಳಿಗೆ ನೇರ ಕಾಣಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಹಾಕುತ್ತಿದ್ದ ಮೇವನ್ನು ಅರ್ಧಕ್ಕಿಂತ ಕಡಿಮೆ ಮಾಡಿದ್ದ. ಸಂಜೆ ಬಿಸಿಲಿಳಿದ ಮೇಲೆ ಟ್ರ್ಯಾಕ್ಟರ್ ಸದ್ದು ಕೇಳುತ್ತಿತ್ತು. ಅವನ ಷಡ್ಡಕ ಎರಡು ಮೈಲಿ ಆಚೆ ಕರುಗಳನ್ನು ಸಾಕುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಹಾಲು ಕರೆದ ಮೇಲೆ ಹಸುಗಳು ಹೊರಬರುವ ದಾರಿಯಲ್ಲಿ ಎಲಿಸೇಯೋ ಹಳೆಯ ತೊಟ್ಟಿಯೊಂದನ್ನು ತಂದಿಟ್ಟು ನೀರು ತುಂಬಿಸಿದ್ದ. ಕೇಳದೆ ಹೇಳದೆ ಅದೇಕೆ?

ಬುಧವಾರ ಅವನನ್ನು ಕರೆದಳು.

"ಮೇವು ಎಲ್ಲಿಗೆ ಹೋಗ್ತಿದೆ, ಎಲಿಸೇಯೋ?"

"ಹಸುಗಳ ಹೊಟ್ಟೆಗೆ, ದೋನ್ಯಾ. ಇನ್ನೆಲ್ಲಿಗೆ?" ಯಜಮಾನಿಯನ್ನು ಅವನು ತನ್ನ ಭಾಷೆಯಲ್ಲಿ ದೋನ್ಯಾ ಎಂದೇ ಕರೆಯುತ್ತಿದ್ದ.

"ನನ್ನ ಹಸುಗಳ ಹೊಟ್ಟೆಗೋ, ನಿನ್ನ ಷಡ್ಡಕನ ಕರುಗಳ ಹೊಟ್ಟೆಗೋ?"

ಅವನ ಮುಖ ಕಪ್ಪಿಟ್ಟಿತು. "ಈ ಬಿಸಿಲಲ್ಲಿ ಹಸು ತಿನ್ನಲ್ಲ. ಹಾಕಿದ ಮೇವು ಬಿಸಿಯಾಗಿ ಹುಳಿ ಬರುತ್ತೆ. ಅದಕ್ಕೇ ಸಂಜೆ ಜಾಸ್ತಿ ಹಾಕ್ತೀನಿ, ಬೆಳಗಿನ ಜಾವ ಇನ್ನೊಂದ್ಸಲ ಹಾಕ್ತೀನಿ. ತೂಕ ಅದೇ. ಬೇಕಿದ್ರೆ ಬಂದು ನೋಡಿ."

"ಫ್ಯಾನು ನಿಲ್ಲಿಸೋದೂ ಹಸುಗಳ ಒಳ್ಳೇದಕ್ಕೇನಾ?"

ಅವನು ಅವಳನ್ನೇ ವಿಚಿತ್ರವಾಗಿ ನೋಡಿದ. ಆ ನೋಟ ಇದಾಲಿನಾಳಿಗೆ ಕಳ್ಳನ ನೋಟದಂತೆಯೇ ಕಂಡಿತು.

"ಶನಿವಾರಕ್ಕೆ ಕೆಲಸ ಬಿಡು. ಮನೇನೂ ಖಾಲಿ ಮಾಡು," ಎಂದಳು.

ಹೇಳಿಬಿಟ್ಟಳೇನೋ ಸರಿ, ಆದರೆ ಗುರುವಾರವಿಡೀ ಅದನ್ನೇ ಯೋಚಿಸಿದಳು. ಕೈಯಾರೆ ಹಿಡಿದಿದ್ದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಹಿಡಿದೇ ತೀರುತ್ತೇನೆಂದು ಶುಕ್ರವಾರ ಹನ್ನೆರಡಕ್ಕೆ ಹೊಂಚು ಹಾಕಿದಳು. ದಿನವೂ ಮಾಡುವಂತೆ ಕತ್ತಿಗೆ ಸುತ್ತಿಕೊಂಡಿದ್ದ ದಪ್ಪ ಟವೆಲನ್ನು ತೊಟ್ಟಿಯಲ್ಲಿ ಅದ್ದಿ, ಅರ್ಧ ಹಿಂಡಿ, ಕಂಬದ ಮೊಳೆಗೆ ನೇತುಹಾಕಿದಳು. ಮೂವತ್ತು ವರ್ಷಗಳಿಂದ ಅದು ಅವಳ ಟವೆಲಿನ ಮೊಳೆ. ಗಂಟೆಗೊಮ್ಮೆ ತೋಯಿಸಿ ಅಲ್ಲೇ ಹಾಕುವುದು, ಹಸುಗಳ ಕಡೆ ಹೊರಟಾಗ ತೆಗೆದು ಕತ್ತಿಗೆ ಸುತ್ತಿಕೊಳ್ಳುವುದು ಅವಳ ರೂಢಿ. ಇವತ್ತು ಮಾತ್ರ ಟವೆಲು ಅಲ್ಲೇ ಇರಲಿ, ನಾನು ಹಾಲಿನ ಮನೆಯಲ್ಲೇ ಇದ್ದೇನೆಂದು ಅವನು ನಂಬಲಿ ಎಂದುಕೊಂಡು ಹುಲ್ಲಿನ ಪೆಂಡಿಗಳ ಹಿಂದೆ ಕುಳಿತಳು.

ಫ್ಯಾನುಗಳು ತಿರುಗುತ್ತಿದ್ದವು. ಕಂಬದ ಹತ್ತಿರ ನರಪಿಳ್ಳೆಯೂ ಸುಳಿಯಲಿಲ್ಲ. ಐದು ನಿಮಿಷವಾದ ಮೇಲೆ ನೀರು ನಿಂತಿತು, ಮತ್ತೆ ಸುರಿಯಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಫ್ಯಾನುಗಳ ರೆಕ್ಕೆ ನಿಧಾನವಾಗಿ, ಒಂದೊಂದಾಗಿ ನಿಂತುಹೋದವು. ಸೆಕೆ ಕವುಚಿಕೊಂಡಿತು. ಇದಾಲಿನಾ ಬಾಯಿ ತೆರೆದು ಉಸಿರು ಬಿಡತೊಡಗಿದಳು, ಎದುರಿನ ಹಸುವೂ ಹಾಗೇ ಬಿಡುತ್ತಿತ್ತು. ಮುಕ್ಕಾಲು ಗಂಟೆ ಕಳೆಯಿತು. ಟವೆಲಿನ ಅಂಚು ಒಣಗಿ ಗಾಳಿಗೆ ಅಲ್ಲಾಡಿತು. ಆಮೇಲೆ ಯಾರೂ ಮುಟ್ಟದೆ ಫ್ಯಾನುಗಳು ಭರ್ರೆಂದವು.

ಅವಳು ಎದ್ದುಹೋಗಿ ಟವೆಲನ್ನು ಎತ್ತಿದಳು. ಅದರ ಹಿಂದೆ, ಮೊಳೆಯ ಕೆಳಗೆ, ಆ ಹೆಬ್ಬೆರಳು ಗಾತ್ರದ ಕಡ್ಡಿ. ಮುಟ್ಟಿದರೆ ಇನ್ನೂ ತಣ್ಣಗಿತ್ತು. ಹಸುವಿನ ಬೆನ್ನು ಒಣಗುತ್ತಾ ತಂಪಾಗುವಂತೆ ಅವಳ ಟವೆಲು ಈ ಕಡ್ಡಿಯನ್ನು ತಂಪು ಮಾಡುತ್ತಿತ್ತು. ಅದು ಸೆಕೆಯೇ ಇಲ್ಲವೆಂದು ನಂಬಿ, ಫ್ಯಾನು ನಿಲ್ಲಿಸಿ ಇಡೀ ಕೊಟ್ಟಿಗೆಯನ್ನು ಬೇಯಿಸುತ್ತಿತ್ತು.

ನಾಚಿಕೆಯಿಂದ ಅವಳ ಕಿವಿಯೆಲ್ಲ ಬಿಸಿಯಾಯಿತು. ಯಾರೂ ನೋಡಿಲ್ಲ, ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದೂ ಉಂಟು. ಆದರೂ ಎಲಿಸೇಯೋನ ಮನೆಗೆ ನಡೆದಳು. ಬಾಗಿಲಲ್ಲಿ ರಟ್ಟಿನ ಪೆಟ್ಟಿಗೆಗಳಿದ್ದವು. ಅವನ ಹೆಂಡತಿ ಇವಳನ್ನು ಕಂಡು ಒಳಗೆ ಹೋದಳು, ಕುಳಿತುಕೊಳ್ಳಿ ಎನ್ನಲಿಲ್ಲ. ಇದಾಲಿನಾ ನಿಂತೇ ಟವೆಲಿನ ಕಥೆಯನ್ನೆಲ್ಲ ಹೇಳಿದಳು. ಅವನು ನಗಲಿಲ್ಲ.

"ನಾನು ನೀವೇ ನಿಲ್ಲಿಸ್ತಿದ್ದೀರಿ ಅನ್ಕೊಂಡಿದ್ದೆ," ಎಂದ. "ನೀವು ಕಂಬದ ಹತ್ರ ಹೋಗಿ ಬಂದ್ರೆ ಸಾಕು, ಫ್ಯಾನು ನಿಲ್ತಿತ್ತು. ಕರೆಂಟು ಉಳಿಸೋಕೆ ಅಂತ ತಿಳ್ಕೊಂಡೆ. ನಿಮ್ಮ ಕಣ್ಣು ತಪ್ಪಿಸಿ ಪೈಪು ಹಿಡಿದು ನೀರು ಹೊಡೀತಿದ್ದೆ. ಆ ತೊಟ್ಟಿ ಇಟ್ಟಿದ್ದೂ ಅದಕ್ಕೇ. ಹಾಲು ಕೊಟ್ಟು ಬಂದ ಹಸುಗೆ ಮೊದಲು ಬೇಕಾಗೋದು ನೀರು."

ಇದಾಲಿನಾಳಿಗೆ ರೇಗಿಹೋಯಿತು. "ಕರೆಂಟು ಉಳಿಸೋಕೆ ನನ್ನ ಹಸುಗಳನ್ನ ಸಾಯಿಸ್ತೀನಾ? ಹತ್ತೊಂಬತ್ತು ವರ್ಷ ಜೊತೇಲಿದ್ದು ನನ್ನ ಬಗ್ಗೆ ಹಾಗಂದ್ಕೊಂಡ್ಯಲ್ಲೋ!"

"ಹತ್ತೊಂಬತ್ತು ವರ್ಷ ನಿಮ್ಮ ಹಸುಗಳಿಗೆ ಮೇವು ಹಾಕಿದ್ದೀನಿ, ದೋನ್ಯಾ. ನೀವು ನನ್ನನ್ನ ಕಳ್ಳ ಅಂದ್ರಿ."

"ತಪ್ಪಾಯ್ತು," ಎಂದಳು ಇದಾಲಿನಾ. ಗಂಡ ಲೌದಲೀನೋಗೂ ಆ ಮಾತು ಹೇಳಿದ್ದ ನೆನಪು ಅವಳಿಗಿರಲಿಲ್ಲ. "ಹೋಗ್ಬೇಡ. ಇಲ್ಲೇ ಇರು."

"ಹೋಗು ಅಂದವರು ನೀವು. ಇರೋದು ಬಿಡೋದು ನಾನೂ ನನ್ನ ಹೆಂಡ್ತೀನೂ ಕೂತು ತೀರ್ಮಾನ ಮಾಡ್ತೀವಿ. ಇವತ್ತಿನ ಮೇವು ಹಾಕಿರ್ತೀನಿ."

ಅಂದು ಸಂಜೆಯೇ ಅವಳು ಇಕ್ಕಳ ತಂದು ಮೊಳೆ ಕಿತ್ತೆಸೆದಳು. ಫ್ಯಾನುಗಳು ನಿಲ್ಲದೆ ತಿರುಗಿದವು, ಹಸುಗಳು ಮಲಗಿ ಮೆಲುಕು ಹಾಕತೊಡಗಿದವು. ಅವಳಿಗೆ ಮಾತ್ರ ಊಟ ಸೇರಲಿಲ್ಲ. ಇರುತ್ತೇನೆ ಎಂದೂ ಹೇಳಲಿಲ್ಲ, ಹೋಗುತ್ತೇನೆ ಎಂದೂ ಹೇಳಲಿಲ್ಲವಲ್ಲ ಎಂದು ಮತ್ತೆ ಮತ್ತೆ ಅದೇ ಮಾತನ್ನು ತಿರುವಿ ಹಾಕಿದಳು.

ಶನಿವಾರ ಬೆಳಗಿನ ಜಾವ ಎಚ್ಚರವಾದಾಗ ಹೊರಗೆ ಸದ್ದಿರಲಿಲ್ಲ. ಹೋದ, ಹೋಗೇಬಿಟ್ಟ ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ ಹೊರಟಿತು, ಮೇವಿನ ಸಾಲಿನತ್ತ ಸಾಗಿತು. ಇದಾಲಿನಾ ಹಾಸಿಗೆಯಲ್ಲಿ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತಿದ್ದು ಅವನಿಗೆ ಕಾಣಬಹುದೆಂಬ ಅನುಮಾನ ಆಗಲೂ ಇತ್ತು, ಅದಕ್ಕೇ ದೀಪ ಹಾಕಲಿಲ್ಲ.