ಇಟಲಿಯ ಪತ್ರವನ್ನು ತಾಳೆ ನೋಡಿದವ

ಬೆಳ್ತಂಗಡಿಯ ಮಿಶನ್ ದವಾಖಾನೆಯ ಗುಮಾಸ್ತ ಧರ್ಣಪ್ಪನಿಗೆ ಇಟಾಲಿಯನ್ ಒಂದಕ್ಷರವೂ ಬಾರದು. ತನ್ನ ಕನ್ನಡವೂ ಅಷ್ಟಕ್ಕಷ್ಟೇ ಎನ್ನುತ್ತಿದ್ದ. ಹಾವಿನ ವಿಷದ ಮದ್ದಿಡಲು ಫ್ರಿಜ್ ಕೇಳಿ ಇಟಲಿಯ ದಾನಿಗಳಿಗೆ ಅವನು ಬರೆದ ಪತ್ರವನ್ನು, ರೋಮಿನಲ್ಲಿ ಓದಿ ಬಂದ ಫಾದರ್ ಇಟಾಲಿಯನ್ನಿಗೆ ತಂದರು. ನಕಲನ್ನು ಅಸಲಿಗೆ ತಾಳೆ ನೋಡದೆ ಧರ್ಣಪ್ಪ ಅಂಚೆಗೆ ಹಾಕುವವನಲ್ಲ. ಮೂಡಬಿದಿರೆಯಲ್ಲಿದ್ದ ಇಟಲಿಯ ಸಿಸ್ಟರ್ ಒಬ್ಬರಿಂದ, ಮೂಲ ತೋರಿಸದೆಯೇ, ಆ ಇಟಾಲಿಯನ್ ಪತ್ರವನ್ನು ಮರಳಿ ಕನ್ನಡ ಮಾಡಿಸಿ ಸಾಲು ಸಾಲಾಗಿ ಹೋಲಿಸಿದ.

“ಫಾದರ್, ‘ಇಲ್ಲಿ ಕರೆಂಟಿಲ್ಲ, ಸೀಮೆಎಣ್ಣೆಯಲ್ಲಿ ಓಡುವ ಫ್ರಿಜ್ಜೇ ಆಗಬೇಕು’ ಅಂತ ನಾನು ಬರೆದದ್ದು. ಇದರಲ್ಲಿ ‘ಸೀಮೆಎಣ್ಣೆಯದ್ದಾದರೆ ಒಳ್ಳೆಯದು’ ಅಂತ ಉಂಟು. ಕರೆಂಟಿನ ಸುದ್ದಿಯೇ ಇಲ್ಲ. ಕರೆಂಟಿನದ್ದು ಬಂದರೆ ನಮಗದು ಬರೀ ಕಪಾಟು!”

“ಸಿಸ್ಟರ್ ಬಿಟ್ಟಿರಬೇಕು ಮಾರಾಯ.”

“ಇರಬಹುದು. ನಿಮ್ಮದನ್ನೂ ಒಮ್ಮೆ ನೋಡುವ.”

ಫಾದರ್ ತಮ್ಮ ಹಾಳೆ ನೋಡಿ ನಕ್ಕರು. ಬಿಟ್ಟವರೂ ಅವರೇ, ಮೆತ್ತಗೆ ಮಾಡಿದವರೂ ಅವರೇ. ಎರಡನ್ನೂ ತಿದ್ದಿದರು.

ಮುಂದಿನ ವರ್ಷ ಸೀಮೆಎಣ್ಣೆಯ ಫ್ರಿಜ್ಜೇ ಬಂತು. ನೋಡಲು ಬಂದವರಿಗೆಲ್ಲ ಫಾದರ್ ಮೊದಲು ತೋರಿಸುತ್ತಿದ್ದದ್ದು ಗುಮಾಸ್ತನನ್ನು: “ಭಾಷೆ ಬಾರದೆಯೂ ನನ್ನ ಇಟಾಲಿಯನ್ ತಿದ್ದಿಸಿದವ ಇವನೇ!”