ಆಷಾಢವಿಲ್ಲದ ಅಂಗಡಿ

ಯುಗಾದಿ ದಾಟಿತೆಂದರೆ ಸಾಕು, ನನ್ನ ಫೋನಿನ ಮೈಮೇಲೆ ದೇವರು ಬರುತ್ತದೆ. ಟಿಂಗ್, ಒಬ್ಬ ಮದುಮಗಳ ಅಡ್ವಾನ್ಸ್. ಟಿಂಗ್, ಅವಳ ಅತ್ತಿಗೆಯದು. ವೈಶಾಖ, ಜ್ಯೇಷ್ಠದ ಮದುವೆಗಳಿಗೆಲ್ಲ ಒಮ್ಮೆಗೇ ಅರ್ಧರ್ಧ ದುಡ್ಡು ಬಂದು ಬೀಳುವಾಗ ನನಗೆ ಊಟ ಸೇರುವುದಿಲ್ಲ, ಕುಣಿಯುವಷ್ಟು ಖುಷಿ. ಮಲ್ಕಾಜ್‌ಗಿರಿ ಸ್ಟೇಷನ್ನಿನ ಹತ್ತಿರ ಮದುವೆ ಕುಪ್ಪಸಗಳಿಗೆ ಜರಿ, ಮಣಿ ಕೆಲಸ ಮಾಡಿಕೊಡುವ ಅಂಗಡಿ ನನ್ನದು.

ಗಂಡ ರೈಲ್ವೆಯವರು. ತಿಂಗಳಿಗೊಮ್ಮೆ ತಪ್ಪದೆ ಪಗಾರ ಬರುವ ಮನುಷ್ಯನಿಗೆ ನನ್ನ ಕುಣಿತ ನೋಡಿ ನಗು.

"ನಂದು ನಳದ ನೀರು, ನಿಂದು ಹಳ್ಳದ ನೀರು ನೋಡು. ಬಂದಾಗ ಹಿಡದ್ ಇಟ್ಕೋಬೇಕು," ಎನ್ನುತ್ತಾರೆ.

ಹಿಡಿದಿಡುವುದಕ್ಕೆಂದೇ ಬ್ಯಾಂಕಿನಲ್ಲಿ ಎರಡು ಖಾತೆ. ಅಡ್ವಾನ್ಸ್ ಬೀಳುವ ಖಾತೆಗೆ ಮನೆಯಲ್ಲಿ 'ಮಂದಿ ರೊಕ್ಕ' ಎಂದು ಹೆಸರು. ಅದರಿಂದ ಆಯಾ ಆರ್ಡರಿನ ದಾರ, ಮಣಿ ತರಬಹುದು, ಅಷ್ಟೇ. ಕುಪ್ಪಸ ಗಿರಾಕಿಯ ಕೈ ಸೇರಿದ ಮೇಲೆಯೇ ಉಳಿದದ್ದು 'ನಮ್ಮ ರೊಕ್ಕ'ಕ್ಕೆ ದಾಟುತ್ತದೆ. ಅಲ್ಲೂ ಮೊದಲ ಪಾಲು ಮದುವೆಯಿಲ್ಲದ ತಿಂಗಳುಗಳ ಬಾಡಿಗೆಗೆ, ಪಗಾರಕ್ಕೆ. ನನ್ನ ನಾಲ್ವರು ಕಸೂತಿ ಕೆಲಸಗಾರರು ಬಂಗಾಳದವರು. ನಮ್ಮ ಓಣಿಯಲ್ಲಿ ಎಲ್ಲರೂ ಆಷಾಢ ಬಂದ ಕೂಡಲೇ ಕೆಲಸಗಾರರನ್ನು ಊರಿಗೆ ಕಳಿಸುತ್ತಾರೆ, ನಾನು ಕಳಿಸುವುದಿಲ್ಲ. ಆದರೆ ಒಂದು ಪಗಾರ ತಪ್ಪಿದರೂ ಪಕ್ಕದ ಓಣಿಯ ಕಸೂತಿ ಅಂಗಡಿಯವನು ಪೇಶಗಿ ಅಂತ ಮುಂಗಡ ದುಡ್ಡು ತೋರಿಸಿ ನಾಲ್ವರನ್ನೂ ಎಳೆದುಕೊಳ್ಳುತ್ತಾನೆ. ಆಮೇಲೆ ಶ್ರಾವಣದ ಮುಹೂರ್ತಗಳಿಗೆ ನಾನು ಬಾಗಿಲು ತೆಗೆದು ನೊಣ ಹೊಡೆಯಬೇಕು.

ಒಂದು ವರ್ಷ, ಇದೇ ಯುಗಾದಿಯ ಗದ್ದಲದಲ್ಲಿ, ಅಂಗಡಿಯ ಕಟ್ಟಡದ ಮಾಲೀಕರು, ನಾವೆಲ್ಲ ಕಾಕಾ ಎನ್ನುವವರು, ಬಂದರು. ರಾಯಚೂರು ಕಡೆಯವರು. ಮಗಳ ಮದುವೆ ಶ್ರಾವಣಕ್ಕೆ ನಿಶ್ಚಯವಾಗಿತ್ತು.

"ತಂಗೀ, ಮೂರು ತಿಂಗಳ ಬಾಡಿಗಿ ಕೊಡಬ್ಯಾಡ. ಮಗಳ ಕುಪ್ಪಸ, ಬೀಗರ ಕುಪ್ಪಸ, ಎಲ್ಲಾದಕ್ಕೂ ಅದ ಅಡ್ವಾನ್ಸ್ ಅಂತ ತಿಳ್ಕೋ," ಎಂದರು.

ಮೂರು ತಿಂಗಳ ಬಾಡಿಗೆ ಉಳಿಯಿತು! ಅವರು ಮೆಟ್ಟಿಲಿಳಿಯುವ ಮೊದಲೇ ನನ್ನ ತಲೆಯಲ್ಲಿ ಕಂಪ್ಯೂಟರ್ ಕಸೂತಿ ಮಷಿನ್ನು ಗಡಗಡ ಓಡತೊಡಗಿತ್ತು. ಮರುದಿನವೇ ಬೇಗಂಪೇಟೆಗೆ ಹೋಗಿ ಮಷಿನ್ ನೋಡಿ, ಕಂತು ಕೇಳಿಕೊಂಡು ಬಂದೆ.

"ಕೂಸು ಹುಟ್ಟೂಕ ಮೊದಲ ಕುಲಾವಿ ಹೊಲಿಸಿದಾಂಗ ಆತು," ಎಂದರು ಗಂಡ. "ಬಾಡಿಗಿ ಬಿಟ್ಟಾರ ಖರೆ. ಕೆಲಸ ಇನ್ನೂ ಬಾಕಿ ಐತಿ ಅಲ್ಲ? ಮಣಿ, ದಾರ, ಪಗಾರ ಎಲ್ಲಿಂದ ತರ್ತಿ?"

ಸಿಟ್ಟು ನೆತ್ತಿಗೇರಿತು. ಅವರ ಮಾತು ಸರಿ ಇದ್ದದ್ದಕ್ಕೇ ಏರಿತು. ಆ ರಾತ್ರಿ ಮಾತು ಬಿಟ್ಟೆ. ಬೆಳಿಗ್ಗೆ ಮಷಿನ್ ಆಸೆಯನ್ನೂ ಬಿಟ್ಟೆ. ಬಾಡಿಗೆಯೇ ಅಡ್ವಾನ್ಸ್ ಆಗಿ ಬಂದಿದ್ದರೆ, ಅದೂ ಮಂದಿ ರೊಕ್ಕವೇ ತಾನೆ. ಕಾಕಾಗೆ ಕೊಡಬೇಕಾಗಿದ್ದ ಬಾಡಿಗೆಯನ್ನು ತಿಂಗಳು ತಿಂಗಳೂ ಆ ಖಾತೆಗೆ ಹಾಕುತ್ತ ಬಂದೆ. ಬೀಗರ ಅಳತೆ ಇನ್ನೂ ಬಂದಿರಲಿಲ್ಲವಾದ್ದರಿಂದ ಒಂದು ಮಣಿಯನ್ನೂ ಕೊಳ್ಳಲಿಲ್ಲ.

ಆಷಾಢದ ಕೊನೆ. ಬೀದಿಯಲ್ಲಿ ಉಳಿದ ಅಂಗಡಿಗಳ ಕಸೂತಿ ಹಾಕುವ ಮರದ ಚೌಕಟ್ಟುಗಳು ಕೆಲಸವಿಲ್ಲದೆ ಗೋಡೆಗೆ ಒರಗಿದ್ದವು. ನಮ್ಮಲ್ಲಿ ಪಗಾರದ ದಿನ ಹತ್ತಿರ ಬಂದಿತ್ತು. ಆಗ ಕಾಕಾ ಬಂದರು, ಮುಖ ಸಣ್ಣದಾಗಿತ್ತು.

"ಮಗಳು ರಿಜಿಸ್ಟರ್ ಮದುವಿ ಅಂತಾಳ ತಂಗೀ. ಹುಡುಗನೂ ಹೂಂ ಅಂದಾನ. ಒಂದ ಕುಪ್ಪಸ ಸಾಕಂತ, ಅದೂ ಸಾದಾ. ಮತ್ತ ಆ ಬಾಡಿಗಿ..."

ಚೌಕಟ್ಟಿನ ಮೇಲೆ ಓಡುತ್ತಿದ್ದ ನಾಲ್ಕು ಸೂಜಿಗಳೂ ನಿಂತವು. ಕೆಲಸಗಾರರಿಗೆ ಕನ್ನಡ ಬಾರದಿದ್ದರೂ ಬಾಡಿಗೆ ಎಂಬ ಮಾತು ತಿಳಿಯುತ್ತದೆ. ಬಾಡಿಗೆಗೆ ಹೋದದ್ದು ತಮ್ಮ ಪಗಾರದಿಂದಲೇ ಹೋಗುತ್ತದೆ ಎಂಬುದು ಇನ್ನೂ ಚೆನ್ನಾಗಿ ತಿಳಿದಿತ್ತು.

ನಾನು ಫೋನ್ ತೆಗೆದೆ. ಟಿಂಗ್ ಎಂದಿತು, ಈ ಸಲ ಕಾಕಾರ ಜೇಬಿನಲ್ಲಿ.

"ಮೂರೂ ತಿಂಗಳದ್ದಾ?" ಕಾಕಾ ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. "ನಾ ಕಂತಿನಾಗ ಕೊಡು ಅನ್ನಾಕ ಬಂದಿದ್ದೆ. ಜಗಳಕ್ಕೂ ತಯಾರಾಗಿದ್ದೆ!"

"ನಿಮ್ಮ ರೊಕ್ಕ ನಿಮ್ಮ ಹೆಸರಿಲೇ ಕುಂತಿತ್ತು ಕಾಕಾರ. ಆ ಒಂದು ಕುಪ್ಪಸದ ಅಡ್ವಾನ್ಸ್ ಮಾತ್ರ ಈಗ ಕೊಟ್ಟ ಹೋಗ್ರಿ," ಎಂದೆ. ಅವರು ಹೊಟ್ಟೆ ಹಿಡಿದು ನಕ್ಕರು, ಕೊಟ್ಟೂ ಹೋದರು.

ನನಗೆ ಖುಷಿ ತಡೆಯಲಾಗಲಿಲ್ಲ. ಪಗಾರವನ್ನೂ ಅವತ್ತೇ, ನಮ್ಮ ರೊಕ್ಕದಿಂದ, ನಾಲ್ವರಿಗೂ ಕಳಿಸಿಬಿಟ್ಟೆ. ಟಿಂಗ್, ಟಿಂಗ್, ಟಿಂಗ್. ನಾಲ್ಕನೆಯದು ಹಿರಿಯ ಕೆಲಸಗಾರನದು. ಅವನು ಅದನ್ನು ನೋಡುತ್ತಿದ್ದಂತೆಯೇ ಆ ಫೋನು ರಿಂಗಾಯಿತು. ಪಕ್ಕದ ಓಣಿಯವನು. ಅವನ ದನಿ ನನ್ನವರೆಗೂ ಕೇಳಿಸುತ್ತಿತ್ತು, ಪೇಶಗಿ ಎಂಬ ಮಾತೂ ಕೇಳಿಸಿತು.

ನಮ್ಮವನು ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು ಸೂಜಿಗೆ ಮಣಿ ಏರಿಸಿದ.

"ನಹೀ ಭಾಯ್," ಎಂದ. "ಹಮಾರೇ ಯಹಾಂ ಆಷಾಢ ನಹೀ ಹೋತಾ." ನಮ್ಮಲ್ಲಿ ಆಷಾಢವೇ ಇರುವುದಿಲ್ಲವಂತೆ.