ಪೂರ್ತಿ ಕೂತವರ ಆಸಕ್ತಿ

ಅರಕಲಗೂಡಿನಲ್ಲಿ ಪಶುವೈದ್ಯನಾಗಿದ್ದಾಗ, ತಾಲ್ಲೂಕು ಪಂಚಾಯಿತಿಯ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೂತು ಕೊಳೆಯುವುದೂ ನನ್ನ ಕೆಲಸವಾಗಿತ್ತು. ಎಲ್ಲ ಇಲಾಖೆಗಳ ಸರದಿ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ರಸ್ತೆ ಗುಂಡಿಯ ಚರ್ಚೆಗೆ ನಾನು ಮುಖ ಗಂಭೀರ ಮಾಡಿಕೊಳ್ಳಬೇಕು. ನನ್ನ ಎಮ್ಮೆಗಳ ಮಾತು ಬಂದಾಗ ರಸ್ತೆಯ ಎಂಜಿನಿಯರ್ ತೂಕಡಿಸುತ್ತಿರುತ್ತಾರೆ.

ಒಮ್ಮೆ ಮಲ್ಲಿಪಟ್ಟಣದ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆಯೂ ಸಭೆಯೂ ಒಂದೇ ದಿನ ಬಿದ್ದವು. ಜನ ದನಗಳನ್ನು ಮೇಯಲು ಬಿಡದೆ ಕಟ್ಟಿಹಾಕಿಕೊಂಡು ಕಾಯುತ್ತಿದ್ದರು. ಸಭೆಗೆ ಮೊದಲೇ ಅದನ್ನು ನಡೆಸುವ ಅಧಿಕಾರಿಯ ಕೋಣೆಗೆ ಹೋಗಿ, ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ವಿನಯವಾಗಿ ಮುಂದಿಟ್ಟೆ.

“ಸಾರ್, ಕೃಷಿಯವರ ಮೇವಿನ ವಿಷಯ ನಮಗೂ ಬೇಕು, ಅದನ್ನ ಕೂತು ಕೇಳ್ತೀನಿ. ಅದರ ಹಿಂದೇನೇ ನಮ್ಮ ವಿಷಯ ತಗೊಂಡ್ರೆ, ಉತ್ತರ ಕೊಟ್ಟು ಲಸಿಕೆಗೆ ಹೊರಡ್ತೀನಿ. ಆಮೇಲೆ ಏನೇ ಬಂದ್ರೂ ಫೋನಲ್ಲಿ ಸಿಗ್ತೀನಿ.”

ಅವರು ಕಾಫಿ ಲೋಟದಿಂದ ತಲೆ ಎತ್ತಲಿಲ್ಲ. “ಎಲ್ರೂ ಇಂಗೇ ಎದ್ದೋದ್ರೆ ಸಭೆಗೇನ್ ಮರ್ಯಾದೆ ಡಾಕ್ಟ್ರೇ? ಆಸಕ್ತಿ ಇರೋರು ಪೂರ್ತಿ ಕೂರ್ತಾರೆ.”

ಕೂತೆ. ನನ್ನ ಸುತ್ತ ಆಸಕ್ತರೇ ತುಂಬಿದ್ದರು. ಒಬ್ಬರು ಮೇಜಿನ ಕೆಳಗೆ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು, ಇನ್ನೊಬ್ಬರು ಮಿಕ್ಸ್ಚರಿನಲ್ಲಿ ಗೋಡಂಬಿ ಹುಡುಕುತ್ತಿದ್ದರು. ಅಧಿಕಾರಿ ಆಕಳಿಸಿದರೂ ಹಿಂದಿನ ಸಾಲು ಹೌದೌದೆಂದು ತಲೆಯಾಡಿಸುತ್ತಿತ್ತು. ಮಲ್ಲಿಪಟ್ಟಣದಿಂದ ಬರುತ್ತಿದ್ದ ಕರೆಗಳನ್ನು ನಾನು ಕಟ್ ಮಾಡುತ್ತಲೇ ಇದ್ದೆ.

ಕಾದವರೆಲ್ಲ ನನ್ನನ್ನು ಬೈದು ದನ ಬಿಚ್ಚಿಕೊಂಡು ಹೋದರೆಂಬ ಮೆಸೇಜು ಬಂದ ಮೇಲೆ, ಸಂಜೆ, ನನ್ನ ಸರದಿ ಬಂತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಹಾಳೆ ನೋಡಿದರು.

“ಮಲ್ಲಿಪಟ್ಟಣದಲ್ಲಿ ಲಸಿಕೆ ಇನ್ನೂ ಆಗೇ ಇಲ್ವಲ್ಲ ಡಾಕ್ಟ್ರೇ. ಕೆಲಸದಲ್ಲಿ ಆಸಕ್ತಿ ಇಲ್ವಾ?”